ಓಡಿಹೋದ ಕುದುರೆ, ಸೂರೆಹೋದ ಕೋಟೆ

ಮುಂಬಯಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಅನುವಾದದ ಅಭ್ಯಾಸಕ್ಕೆಂದು ಒಂದು ಇಂಗ್ಲಿಷ್ ಕಥೆಯನ್ನು ಕೈಗೆತ್ತಿಕೊಂಡಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಇದೇ ನಗರದಲ್ಲಿ. ಕನ್ನಡ ಮನೆಯೊಳಗಿನ ಭಾಷೆ. ಹೊಸ್ತಿಲು ದಾಟಿದರೆ ಮರಾಠಿ, ಹಿಂದಿ. ಕಥೆಯಲ್ಲಿ ಅಳಿಯನೊಬ್ಬ ಮಾವನ ಆಸ್ತಿಯನ್ನೆಲ್ಲ ಮಾರಿಕೊಂಡು ಪರಾರಿಯಾಗುತ್ತಾನೆ. ಆಮೇಲೆ ಮಾವ ವಕೀಲರನ್ನು ಕರೆಸುತ್ತಾನೆ. ಅದನ್ನು ಕಂಡ ನೆರೆಯವನು ಆಡುವ ಮಾತನ್ನು ಅವಳು ಹೀಗೆ ಕನ್ನಡಿಸಿದಳು: “ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಮುಚ್ಚಿ ಪ್ರಯೋಜನವಿಲ್ಲ.”

ಪದಕ್ಕೆ ಪದವಿದೆ, ವ್ಯಾಕರಣದೋಷವಿಲ್ಲ. ಆದರೆ ಆ ಪುಟವನ್ನು ಇಂಗ್ಲಿಷ್ ಬಾರದ ತನ್ನ ಅಜ್ಜಿಗೆ ಓದಿ ಹೇಳಿದಾಗ ವಿಜಾಪುರದ ಕಡೆಯ ಆ ಮುದುಕಿ ಕೇಳಿದ್ದು ಒಂದೇ ಪ್ರಶ್ನೆ: “ಅವರ ಮನ್ಯಾಗ ಕುದುರಿ ಬ್ಯಾರೆ ಇತ್ತೇನವಾ?”

ಅನುವಾದ ಸೋತಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕುರುಹು ಬೇಕಿಲ್ಲ. ಇಂಗ್ಲಿಷ್ ಓದುಗನಿಗೆ ಆ ಮಾತಿನಲ್ಲಿ ಕುದುರೆ ಕಾಣುವುದೇ ಇಲ್ಲ. ಬಳಕೆಯಿಂದ ಸವೆದು ಅಲ್ಲಿ ಉಳಿದಿರುವುದು ಅರ್ಥ ಮಾತ್ರ. ಅದೇ ಮಾತು ಕನ್ನಡಕ್ಕೆ ಬಂದೊಡನೆ ಸವೆದುಹೋದ ಚಿತ್ರ ಮತ್ತೆ ಜೀವ ತಳೆಯುತ್ತದೆ, ಕಥೆಯಲ್ಲಿಲ್ಲದ ಪ್ರಾಣಿಯೊಂದು ಅಂಗಳಕ್ಕೆ ನುಗ್ಗುತ್ತದೆ. ಇಂಗ್ಲಿಷ್ ತಿಳಿದ ಅಧ್ಯಾಪಕರಿಗೆ ಈ ಕೊರತೆ ಕಾಣದೆ ಹೋಗಬಹುದು, ಏಕೆಂದರೆ ಅವರು ಕನ್ನಡದ ಹಿಂದಿರುವ ಇಂಗ್ಲಿಷನ್ನೇ ಓದಿಕೊಳ್ಳುತ್ತಾರೆ.

ಹಾಗೆಂದು ಪರಭಾಷೆಯ ಚಿತ್ರಗಳೆಲ್ಲ ತ್ಯಾಜ್ಯವೆನ್ನಲಾಗದು. ‘ಬೆಳಕು ಚೆಲ್ಲು’ ಎಂಬುದು ಇಂಗ್ಲಿಷಿನ ನೆರಳೆಂದು ಈಗ ಯಾರಿಗೂ ಅನ್ನಿಸುವುದಿಲ್ಲ. ಐರಾವತವನ್ನು ಬಲ್ಲ ನಾಡಿನಲ್ಲಿ ‘ಬಿಳಿ ಆನೆ’ ದುಂದುವೆಚ್ಚದ ಹೊರೆಯಾಗಿ ನಿಂತದ್ದು ಸೋಜಿಗವೇ ಸರಿ. ಆದರೆ ಅವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಳಕೆಯಾಗಿ ಬೇರೂರಿದವು. ಒಂದು ಕಥೆಯ ಒಂದು ವಾಕ್ಯಕ್ಕೆ ಆ ಅವಕಾಶವಿಲ್ಲ.

ವಿದ್ಯಾರ್ಥಿನಿಗೆ ಮೊದಲು ಹೊಳೆದದ್ದು ಮರಾಠಿ: ‘ಬೈಲ್ ಗೇಲಾ ಆಣಿ ಝೋಪಾ ಕೇಲಾ’. ಎತ್ತು ಹೋಯಿತು, ಆಮೇಲೆ ಕೊಟ್ಟಿಗೆಗೆ ತಡಿಕೆ ಕಟ್ಟಿದರು. ಇಂಗ್ಲಿಷಿನ ಕುದುರೆಗೆ ಇಲ್ಲಿ ಎತ್ತು ಜೊತೆಯಾಗಿದೆ. ಆದರೆ ಅದನ್ನು ಮಕ್ಕಿಕಾಮಕ್ಕಿ ಕನ್ನಡಕ್ಕೆ ಇಳಿಸಿದರೆ ಹಳೆಯ ತಪ್ಪೇ ಇನ್ನೊಂದು ದಾರಿಯಿಂದ ಒಳಬಂದಂತೆ. ಹೊರನಾಡಿನ ಅನುವಾದಕರಿಗೆ ಈ ಎರಡನೆಯ ಅಪಾಯ ಹೆಚ್ಚು.

ಗಾದೆಗಳ ಸಂಕಲನಗಳು ಸಾಮಾನ್ಯವಾಗಿ ಮೊದಲ ಪದದ ಅಕಾರಾದಿಯಲ್ಲಿರುತ್ತವೆ. ಅರ್ಥವನ್ನು ಹಿಡಿದು ಹುಡುಕುವವರಿಗೆ ಅವು ದಾರಿ ತೋರವು. 1894ರ ಕಿಟ್ಟೆಲ್ ನಿಘಂಟು ಪದಗಳ ಕೆಳಗೇ ಗಾದೆಗಳನ್ನು ಕೊಡುವುದರಿಂದ ಒಂದಿಷ್ಟು ನೆರವಾಗುತ್ತದೆ, ಆದರೆ ಯಾವ ಪದದ ಕೆಳಗೆ ನೋಡಬೇಕೆಂದು ಮೊದಲೇ ಗೊತ್ತಿರಬೇಕು. ಆದ್ದರಿಂದ ಅವಳು ಕುದುರೆಯನ್ನು ಬದಿಗಿಟ್ಟು ಅರ್ಥವನ್ನು ಬಿಡಿಮಾತಿನಲ್ಲಿ ಬರೆದುಕೊಂಡಳು: ನಷ್ಟ ಮುಗಿದುಹೋಗಿದೆ, ನಷ್ಟವಾದವನು ಈಗ ಕಾವಲಿಗೆ ತೊಡಗಿದ್ದಾನೆ, ನೋಡುವವನು ನಗುತ್ತಿದ್ದಾನೆ. ಅದನ್ನೇ ಅಜ್ಜಿಯ ಮುಂದಿಟ್ಟಳು.

ಅಜ್ಜಿ ಒಂದಲ್ಲ, ಮೂರು ಗಾದೆ ಕೊಟ್ಟಳು. ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬುದರಲ್ಲಿ ಮನೆ ಇನ್ನೂ ಉರಿಯುತ್ತಿದೆ. ಕಥೆಯಲ್ಲಾದರೋ ಎಲ್ಲವೂ ಮುಗಿದಿದೆ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬುದರಲ್ಲಿ ಕಾಲ ಹೊಂದುತ್ತದೆ, ಆದರೆ ಅದು ತಡವಾಗಿ ಬಂದ ಅರಿವಿನ ಮಾತು. ಕಥೆಯ ಮಾವನಿಗೆ ಬುದ್ಧಿ ಬಂದಿರುವಂತೆ ಕಾಣುವುದಿಲ್ಲ. ಮೂರನೆಯದು ‘ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’. ಇಲ್ಲಿ ನಷ್ಟವೂ ಇದೆ, ವ್ಯರ್ಥ ಕಾವಲೂ ಇದೆ, ನಗೆಯೂ ಇದೆ. ಮುಚ್ಚಿದ್ದು ಹೆಬ್ಬಾಗಿಲಲ್ಲ, ದಿಡ್ಡಿ ಬಾಗಿಲು ಎಂಬುದರಲ್ಲಿ ಇಂಗ್ಲಿಷಿಗಿಂತ ಒಂದು ಚಿಟಿಕೆ ಹೆಚ್ಚೇ ಕುಟುಕು ಇದೆ. ಕೋಟೆ ಆಂಗ್ಲರ ನಾಡಿಗೂ ಹೊರತಲ್ಲವಾದ್ದರಿಂದ ಆ ಹಳ್ಳಿಗನ ಬಾಯಲ್ಲಿ ಅದು ಅಸಹಜವಾಗದು. ಬದಲಾಗಿ ಮಾರಿಹಬ್ಬವೋ ಹೋಳಿಗೆಯೋ ಇರುವ ಗಾದೆ ಸಿಕ್ಕಿದ್ದರೆ ಅದನ್ನು ಬಿಟ್ಟು, ‘ಕಳೆದುಕೊಂಡ ಮೇಲೆ ಕಾವಲಿದ್ದು ಫಲವೇನು’ ಎಂದು ನೇರವಾಗಿ ಬರೆಯುವುದೇ ಲೇಸಾಗುತ್ತಿತ್ತು.

ಕೆಲಸ ಮುಗಿಯಿತೆಂದು ಪುಟ ತಿರುವಿದಾಗ ಮುಂದಿನ ಸಾಲು ಅಡ್ಡ ನಿಂತಿತು. ನೆರೆಯವನಿಗೆ ಮಾವನ ಉತ್ತರ: “ಆ ಕುದುರೆ ಈಗ ಯಾರ ಹುಲ್ಲು ಮೇಯುತ್ತಿದೆಯೋ!” ಕೋಟೆ ಹುಲ್ಲು ಮೇಯಲಾರದು. ನುಡಿಗಟ್ಟನ್ನು ಬದಲಿಸಿದವರು ಅದಕ್ಕೆ ಜೋತುಬಿದ್ದ ಮಾತುಗಳನ್ನೂ ಬದಲಿಸಬೇಕಾಗುತ್ತದೆ. ಇಡೀ ಕಥೆ ಕುದುರೆಯ ಸುತ್ತ ಹೆಣೆದದ್ದಾಗಿದ್ದರೆ ಗಾದೆಯನ್ನೇ ಕೈಬಿಟ್ಟು ಕುದುರೆಯನ್ನು ಉಳಿಸಿಕೊಳ್ಳಬೇಕಾಗುತ್ತಿತ್ತು. ಇಲ್ಲಿ ಅದು ಎರಡೇ ಸಾಲಿನ ಮಾತು. ಅವಳು ಅಜ್ಜಿಯನ್ನು ಮತ್ತೆ ಕೇಳಲಿಲ್ಲ. ಹೊಡೆದುಹಾಕಿದ ವಾಕ್ಯದ ಮೇಲೆ ಸಣ್ಣಕ್ಷರದಲ್ಲಿ ಬರೆದಳು: “ಸೂರೆ ಮಾಡಿದವನು ಈಗ ಯಾವ ಊರಿನಲ್ಲಿ ಉಂಡು ಮಲಗಿದ್ದಾನೋ!”