ತಪ್ಪಿದ ವಾರ ಸಾಲವಲ್ಲ

ವೈರಲ್ ಜ್ವರದಲ್ಲಿ ನನ್ನ ಓಟದ ಐದನೇ ವಾರ ಪೂರ್ತಿ ಹೋಯ್ತು. ಬೀದರ್ ಕೋಟೆಯೊಳಗೆ ಬೆಳಿಗ್ಗೆ ಓಡ್ತೀನಿ. ನಾಲ್ಕನೇ ವಾರ 12 ಕಿ.ಮೀ. ಆಗಿತ್ತು; ಐದಕ್ಕೆ 14, ಆರಕ್ಕೆ 15 ಅಂತ ಪ್ಲಾನ್. ತಪ್ಪಿದ್ದನ್ನೂ ಕೂಡಿಸಿದರೆ ಒಂದೇ ವಾರಕ್ಕೆ 29! ವಾರ ಮಲಗಿದರೆ ದಮ್ಮು ಕಡಿಮೆಯಾಗೋದು ಸ್ವಲ್ಪವೇ. ಆದರೆ ಬಾಕಿ ತೀರಿಸೋಕೆ ದುಪ್ಪಟ್ಟು ಓಡಿದರೆ ಮೊಣಕಾಲು ತಡೆಯೋದಿಲ್ಲ. ಹಾಗಾಗಿ ಕೂಡಿಸಲಿಲ್ಲ.

ಭಾಲ್ಕಿಯಿಂದ ಅವ್ವ ಫೋನ್‌ನಲ್ಲಿ, "ಓಟ ಎಲ್ಲಿ ಹೋಗ್ತದ? ಮೊದಲ ಊಟ ರುಚಿ ಹತ್ತಲಿ" ಅಂದ್ಲು. ಜ್ವರ ಬಿಟ್ಟು ಎರಡು ದಿನ ಕಾದು, 20 ನಿಮಿಷ ನಡೆದೆ. ಮಾರನೇ ದಿನ ಬಿಡುವು. ಆಮೇಲೆ 2 ಕಿ.ಮೀ., ಮಾತಾಡ್ತಾ ಓಡುವಷ್ಟು ನಿಧಾನ. ಬೆಳಿಗ್ಗೆ ಎದ್ದಾಗ ನನ್ನ ನಾಡಿ ಸಾಮಾನ್ಯವಾಗಿ 62. ಆಗ ಇನ್ನೂ 74 ಇತ್ತು. ಅದು ಇಳಿದ ಮೇಲೆ ನಾಲ್ಕನೇ ವಾರವನ್ನೇ ಮತ್ತೆ ಓಡಿದೆ, ನಂತರ ಐದನೆಯದು. 10 ಕಿ.ಮೀ. ಗುರಿ ಮೂರು ವಾರ ಮುಂದೆ ಹೋಯ್ತು, ಅಷ್ಟೇ.

ಔರಾದ್‌ಗೆ ಮದುವೆಗೆ ಹೋಗಿ ವಾರ ತಪ್ಪಿದರೆ ಇಷ್ಟು ಕಾಯಬೇಕಿಲ್ಲ, ನಿಂತಲ್ಲಿಂದಲೇ ಹಿಡಿಯಬಹುದು. ಜ್ವರದ ನಂತರ ಎದೆನೋವು, ವಿಪರೀತ ಏದುಸಿರು ಬಂದರೆ ಮಾತ್ರ ಓಟ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ.