ಉಪ್ಪನ ಅಂಗಡಿಯ ಡೊಮೇನ್ ಮತ್ತೆ ನಮ್ಮ ಕೈಗೆ ಬಂದ ಕತೆ

ಉಪ್ಪಳದಲ್ಲಿ ನಮ್ಮ ಉಪ್ಪನದ್ದು ಪಾತ್ರೆ ಅಂಗಡಿ. ಮದುವೆ ಮನೆಗೆ ಬಿರಿಯಾನಿ ಚೆಂಬು, ತಟ್ಟೆ, ಲೋಟ ಬಾಡಿಗೆಗೂ ಕೊಡುತ್ತೇವೆ. ಗಲ್ಫಿನಲ್ಲಿರುವ ಮಕ್ಕಳು ಊರಿನ ಮನೆಯ ಮದುವೆಗೆ ಅಲ್ಲಿಂದಲೇ ಬುಕ್ ಮಾಡಲಿ ಎಂದು 2017ರಲ್ಲಿ ಒಬ್ಬ ಹುಡುಗನಿಂದ ವೆಬ್‌ಸೈಟ್ ಮಾಡಿಸಿದ್ದರು. ವರ್ಷಕ್ಕೊಮ್ಮೆ ಅವನು ಹೇಳಿದಷ್ಟು ದುಡ್ಡು ಕಳಿಸುವುದು, ಉಳಿದದ್ದೆಲ್ಲ ಅವನೇ ನೋಡಿಕೊಳ್ಳುವುದು. ಕಳೆದ ವರ್ಷ ಅವನ ನಂಬರ್ ಬಂದ್ ಆಯಿತು. ವಾಟ್ಸಾಪಿನಲ್ಲಿ ಒಂದೇ ಟಿಕ್. ಅವನ ಮನೆಯವರು, 'ಅವ ವಿದೇಶಕ್ಕೆ ಹೋಗಿದ್ದಾನೆ, ನಮಗೂ ಫೋನ್ ಮಾಡುವುದಿಲ್ಲ' ಎಂದರು. ಲಾಗಿನ್ ಒಂದೂ ನಮ್ಮಲ್ಲಿ ಇರಲಿಲ್ಲ.

ಸೈಟ್ ತೆರೆಯುತ್ತಿದ್ದುದರಿಂದ ಉಪ್ಪನಿಗೆ ಇದು ದೊಡ್ಡ ವಿಷಯ ಅನಿಸಲಿಲ್ಲ. 'ಫೋಟೋ ಕಾಣ್ತದಲ್ಲ, ಮತ್ತೇನು?' ಎಂದರು. ನನ್ನ ಹೆದರಿಕೆ ಫೋಟೋದ್ದಲ್ಲ, ಮೇಲ್‌ನದ್ದು. ಅಂಗಡಿಯ ಮೇಲ್ ವಿಳಾಸ ಇದೇ ಡೊಮೇನಿನಲ್ಲಿತ್ತು. ಜಿಎಸ್‌ಟಿ ಪೋರ್ಟಲಿನ ಒಟಿಪಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲ ಅಲ್ಲಿಗೇ ಬರುವುದು. ಡೊಮೇನಿನ ಅವಧಿ ಮುಗಿದು ಅದನ್ನು ಬೇರೆ ಯಾರೋ ಕೊಂಡರೆ ಅದೇ ವಿಳಾಸವನ್ನು ಅವರು ಮತ್ತೆ ಹುಟ್ಟಿಸಬಹುದು. ಮರುದಿನದಿಂದ ನಮ್ಮ ಪತ್ರ ಅವರ ಪೆಟ್ಟಿಗೆಗೆ ಬೀಳುತ್ತದೆ. ಅಂಗಡಿಯ ಬೀಗದ ಕೀ ಹಾದಿಹೋಕನ ಕೈಗೆ ಹೋದ ಹಾಗೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ವೆಬ್‌ಸೈಟ್ ಅಂದರೆ ಒಂದೇ ವಸ್ತು ಅಲ್ಲ. ಹೆಸರು ಒಂದು ಕಂಪನಿಯಲ್ಲಿ ನೋಂದಣಿಯಾಗಿರುತ್ತದೆ, ಅದಕ್ಕೆ ರಿಜಿಸ್ಟ್ರಾರ್ ಎನ್ನುತ್ತಾರೆ. ಪುಟಗಳು, ಫೋಟೋಗಳು ಹೋಸ್ಟಿಂಗ್ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತವೆ. ವರ್ಡ್‌ಪ್ರೆಸ್ಸಿನ ಪಾಸ್‌ವರ್ಡ್ ಮೂರನೆಯದು. ನಮ್ಮವರು ಸಾಮಾನ್ಯವಾಗಿ ಈ ಮೂರನೆಯದರ ಹಿಂದೆ ಓಡುತ್ತಾರೆ. ಓಡಬೇಕಾದದ್ದು ಹೆಸರಿನ ಹಿಂದೆ. ಹೆಸರು ಕೈಯಲ್ಲಿದ್ದರೆ ಅದನ್ನು ಹೊಸ ಹೋಸ್ಟಿಂಗ್ ಕಡೆಗೆ ತಿರುಗಿಸಬಹುದು. ಹೆಸರು ಹೋದರೆ ಉಳಿದದ್ದು ಇದ್ದೂ ಪ್ರಯೋಜನ ಇಲ್ಲ.

lookup.icann.org ಎಂಬಲ್ಲಿ ಡೊಮೇನ್ ಹೆಸರು ಹಾಕಿ ಹುಡುಕಿದೆ. ರಿಜಿಸ್ಟ್ರಾರ್ ಯಾರು, ಅವಧಿ ಯಾವಾಗ ಮುಗಿಯುತ್ತದೆ ಎರಡೂ ಅಲ್ಲಿ ಸಿಕ್ಕಿತು. ಉಳಿದದ್ದು 26 ದಿನ. ಮಾಲೀಕನ ಜಾಗದಲ್ಲಿ ಹೆಸರು ಕಾಣಲಿಲ್ಲ, ಈಗ ಹೆಚ್ಚಿನ ಕಡೆ ಅದನ್ನು ಮುಚ್ಚಿಟ್ಟಿರುತ್ತಾರೆ. ಆದರೆ ನನಗೆ ಬೇಕಿದ್ದ ಉತ್ತರ ಅದೇ: ರಿಜಿಸ್ಟ್ರಾರ್‌ನ ಪುಸ್ತಕದಲ್ಲಿ ಮಾಲೀಕ ಉಪ್ಪನೋ, ಆ ಹುಡುಗನೋ?

ಇದನ್ನು ತಿಳಿಯಲು ಒಂದು ದಾರಿ ಇದೆ. .com ಹೆಸರು ಮಾರುವ ರಿಜಿಸ್ಟ್ರಾರ್‌ಗಳು ವರ್ಷಕ್ಕೊಮ್ಮೆ ಮಾಲೀಕನಿಗೆ 'ನಿಮ್ಮ ವಿವರ ಸರಿ ಇದೆಯೇ ನೋಡಿ' ಎಂದು ಮೇಲ್ ಕಳಿಸಬೇಕು ಎಂಬ ನಿಯಮವಿದೆ. ಉಪ್ಪನ ಹಳೆಯ ಮೊಬೈಲು ಉಮ್ಮನ ಕಪಾಟಿನಲ್ಲಿ ಬಿದ್ದಿತ್ತು. ಚಾರ್ಜ್ ಮಾಡಿ, ಅದರ ಜಿಮೇಲಿನಲ್ಲಿ ಡೊಮೇನ್ ಹೆಸರು ಹಾಕಿ ಹುಡುಕಿದೆ. ಪ್ರಮೋಷನ್ಸ್‌ನ ಅಡಿಯಲ್ಲಿ, ಯಾರೂ ತೆರೆಯದ ಐದಾರು ಮೇಲ್ ಸಾಲಾಗಿ ಕೂತಿದ್ದವು. ಮಾಲೀಕನ ಜಾಗದಲ್ಲಿ ಉಪ್ಪನ ಹೆಸರೇ! ಹುಡುಗ ಖಾತೆಯನ್ನು ಮಾತ್ರ ತನ್ನದಾಗಿ ಇಟ್ಟುಕೊಂಡು, ಮಾಲೀಕನ ವಿವರಕ್ಕೆ ಉಪ್ಪನ ಹೆಸರು, ಉಪ್ಪನ ಜಿಮೇಲ್ ಹಾಕಿದ್ದ. ಅಷ್ಟು ಪ್ರಾಮಾಣಿಕತೆ ಅವನಲ್ಲಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅದೇ ಜಿಮೇಲಿನಿಂದ ರಿಜಿಸ್ಟ್ರಾರ್‌ಗೆ ಬರೆದೆ. ಮೊದಲ ಉತ್ತರ: 'ಇದು ರೀಸೆಲ್ಲರ್ ಮೂಲಕ ಕೊಂಡದ್ದು, ಅವರನ್ನೇ ಕೇಳಿ.' ಹೆಚ್ಚಿನವರು ಇಲ್ಲಿ ಸೋತು ಬಿಡುತ್ತಾರೆ. ಎರಡನೇ ಪತ್ರದಲ್ಲಿ ಮೂರೇ ವಿಷಯ ಬರೆದೆ. ಡೊಮೇನಿನ ಮಾಲೀಕ ನಾನು (ಪತ್ರ ಉಪ್ಪನ ಹೆಸರಿನಲ್ಲಿತ್ತು), ರೀಸೆಲ್ಲರ್ ಸಂಪರ್ಕಕ್ಕೆ ಸಿಗುತ್ತಿಲ್ಲ, ಬೇರೆ ಕಡೆಗೆ ವರ್ಗಾಯಿಸಲು ಆಥ್ ಕೋಡ್ ಕೊಡಿ ಮತ್ತು ಬೀಗ ತೆಗೆಯಿರಿ. ಮಾಲೀಕ ಕೇಳಿದ 5 ದಿನದೊಳಗೆ ಕೋಡ್ ಕೊಡಬೇಕೆಂಬುದು ಐಕಾನ್ ಸಂಸ್ಥೆಯ ನಿಯಮ. ಕೊಡದಿದ್ದರೆ ಅದೇ ಸಂಸ್ಥೆಯ ಸೈಟಿನಲ್ಲಿ ದೂರು ಹಾಕಲು ಜಾಗ ಇದೆ. ಈ ನಿಯಮವನ್ನೂ ಮರ್ಯಾದೆಯಿಂದಲೇ ಬರೆದೆ. ಜೊತೆಗೆ ಉಪ್ಪನ ಗುರುತಿನ ಚೀಟಿ, ಜಿಎಸ್‌ಟಿ ಸರ್ಟಿಫಿಕೇಟ್, ಹುಡುಗನಿಗೆ ದುಡ್ಡು ಕಳಿಸಿದ ಬ್ಯಾಂಕಿನ ಪುಟಗಳು.

ಒಂಬತ್ತನೇ ದಿನ ಕೋಡ್ ಬಂತು. ಡೊಮೇನಿನ ಮಾಹಿತಿಯಲ್ಲಿದ್ದ `clientTransferProhibited` ಎಂಬ ಸಾಲು ಮಾಯವಾಯಿತು. ಆ ಸಾಲು ಇರುವ ತನಕ ಕೋಡ್ ಇದ್ದರೂ ವರ್ಗಾವಣೆ ಆಗುವುದಿಲ್ಲ. ನಾವೇ ಹೊಸದಾಗಿ ತೆರೆದ ಖಾತೆಯಲ್ಲಿ ಕೋಡ್ ಹಾಕಿ ಒಂದು ವರ್ಷದ ದುಡ್ಡು ಕಟ್ಟಿದೆವು. .com ವರ್ಗಾವಣೆಯ ಜೊತೆ ಅವಧಿಯೂ ಒಂದು ವರ್ಷ ಮುಂದೆ ಹೋಗುತ್ತದೆ. ಮತ್ತೆ ಐದು ದಿನ ಕಾಯುವುದು. ಈ ಮಧ್ಯೆ ಕಂಪನಿ ಎಂಬ ಖಾಲಿ ಜಾಗದಲ್ಲಿ ಅಂಗಡಿಯ ಹೆಸರು ಸೇರಿಸುವ ಎಂದು ಉಪ್ಪ ಹೇಳಿದರು. ನಾನು ಬೇಡ ಎಂದೆ. ಮಾಲೀಕನ ಹೆಸರು, ಕಂಪನಿ, ಇಮೇಲ್ ಬದಲಿಸಿದರೆ 60 ದಿನ ವರ್ಗಾವಣೆಗೆ ತಡೆ ಬೀಳಬಹುದು. ನಮ್ಮಲ್ಲಿ ಅಷ್ಟು ದಿನ ಇರಲಿಲ್ಲ.

ಅವಧಿ ಮುಗಿದ ಕೂಡಲೇ ಹೆಸರು ಹೋಗುವುದಿಲ್ಲ ಎಂಬುದೂ ನಿಜ. .com ಆದರೆ ರಿಜಿಸ್ಟ್ರಾರ್ ಕೆಲವು ದಿನ, ಹೆಚ್ಚೆಂದರೆ 45 ದಿನ ಸಮಯ ಕೊಡಬಹುದು. ಆಮೇಲೆ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಗೆ 5 ದಿನ ಯಾರೂ ಏನೂ ಮಾಡುವಂತಿಲ್ಲ, ನಂತರ ಯಾರು ಬೇಕಾದರೂ ಕೊಳ್ಳಬಹುದು. ಆದರೆ ಸೈಟು, ಮೇಲು ಮಾತ್ರ ಮೊದಲ ವಾರದಲ್ಲೇ ನಿಲ್ಲಬಹುದು.

ಹೆಸರು ಬಂದ ಮೇಲೂ ಪುಟಗಳು ಹುಡುಗನ ಹೋಸ್ಟಿಂಗ್‌ನಲ್ಲೇ ಇದ್ದವು. ಹೋಸ್ಟಿಂಗ್ ಕಂಪನಿಗೆ ಗಿರಾಕಿ ಅವನು, ನಾವಲ್ಲ. ಅಲ್ಲಿ ವಾದ ಮಾಡಿ ಫಲವಿಲ್ಲ ಎಂದು ಸೈಟ್ ತೆರೆದಿರುವಾಗಲೇ ಪುಟ, ಫೋಟೋಗಳನ್ನು ಇಳಿಸಿಕೊಂಡೆ:

```
wget --mirror --convert-links --page-requisites https://example.com/
```

example.com ಇರುವಲ್ಲಿ ನಿಮ್ಮ ಹೆಸರು ಹಾಕಬೇಕು. ಕಾಣುವ ಪುಟ ಮಾತ್ರ ಹೀಗೆ ಸಿಗುತ್ತದೆ. ಹಳೆಯ ಬುಕಿಂಗ್ ಫಾರಂಗಳು ಸಿಗಲಿಲ್ಲ, ಅವು ಹೋದವು. ಸೈಟ್ ಆಗಲೇ ನಿಂತಿದ್ದರೆ web.archive.org ನಲ್ಲಿ ಹಳೆಯ ಪ್ರತಿ ಹುಡುಕಬಹುದು.

ಮೇಲ್ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಡೊಮೇನನ್ನು ಹೊಸ ಕಡೆಗೆ ತಿರುಗಿಸಿದ ಕ್ಷಣ ಹಳೆಯ ಮೇಲ್ ಪೆಟ್ಟಿಗೆ ನಮ್ಮಿಂದ ದೂರವಾಗುತ್ತದೆ. ಅಂಗಡಿಯ ಕಂಪ್ಯೂಟರಿನ ಥಂಡರ್‌ಬರ್ಡ್‌ನಲ್ಲಿ ಪಾಸ್‌ವರ್ಡ್ ಉಳಿದಿತ್ತು. ಅಲ್ಲಿಂದ ಎಲ್ಲ ಮೇಲ್‌ಗಳನ್ನು 'ಲೋಕಲ್ ಫೋಲ್ಡರ್ಸ್'ಗೆ ನಕಲು ಮಾಡಿದೆ. ಹೊಸ ಮೇಲ್ ಪೆಟ್ಟಿಗೆ ಅದೇ ವಿಳಾಸದಲ್ಲಿ ತೆರೆದು, ಡೊಮೇನಿನಲ್ಲಿ MX ಎಂಬ ಸಾಲು ಬದಲಿಸಿದೆ. ಮೇಲ್ ಯಾವ ಮನೆಗೆ ಹೋಗಬೇಕೆಂದು ಹೇಳುವುದು ಆ ಸಾಲು. ಬದಲಾಯಿತೇ ಎಂದು ಹೀಗೆ ನೋಡಬಹುದು:

```
nslookup -type=mx example.com
```

ಹಳೆಯ ಹೆಸರೇ ಬಂದರೆ ಸ್ವಲ್ಪ ಹೊತ್ತು ಕಾಯಬೇಕು. ನಮ್ಮದು ರಾತ್ರಿ ಇಶಾ ನಮಾಝ್ ಮುಗಿಸಿ ಬರುವಾಗ ಬದಲಾಗಿತ್ತು.

ಇದೇ ಪೇಟೆಯ ಇನ್ನೊಬ್ಬ ಕಾಕನಿಗೆ ಈ ದಾರಿ ನಡೆಯಲಿಲ್ಲ. ಅವರ ಡೊಮೇನಿನಲ್ಲಿ ಮಾಲೀಕನ ಹೆಸರು, ಮೇಲ್ ಎರಡೂ ಕಟ್ಟಿಕೊಟ್ಟವನದೇ. ರಿಜಿಸ್ಟ್ರಾರ್‌ಗೆ ಮಾಲೀಕ ಅವನೇ, ಅವನು ಬರೆಯದೆ ಕೋಡ್ ಕೊಡುವುದಿಲ್ಲ. ದಾವೆ ಹೂಡುವ ವ್ಯವಸ್ಥೆ ಇದೆ, ಆದರೆ ಟ್ರೇಡ್‌ಮಾರ್ಕ್ ಹಕ್ಕು ತೋರಿಸಬೇಕು, ಎದುರಿನವನ ದುರುದ್ದೇಶವನ್ನೂ ಸಾಬೀತು ಮಾಡಬೇಕು. ಸಣ್ಣ ಅಂಗಡಿಗೆ ಆ ಖರ್ಚು ಹೇಳಿಸಿದ್ದಲ್ಲ. ಕಾಕ ಹೊಸ ಹೆಸರು ಕೊಂಡು, ಮೊದಲು ಬ್ಯಾಂಕ್ ಮತ್ತು ಜಿಎಸ್‌ಟಿಯಲ್ಲಿ ಹಳೆಯ ಮೇಲ್ ಬದಲಿಸಿ, ಆಮೇಲೆ ಬೋರ್ಡಿಗೆ ಬಣ್ಣ ಹೊಡೆಸಿದರು. ಉಳಿದ ಹಳೆಯ ಬಿಲ್ ಪುಸ್ತಕಗಳ ಮೇಲೆ ಅವರ ಮಗಳು ಈಗ ರಬ್ಬರ್ ಸ್ಟ್ಯಾಂಪ್ ಒತ್ತುತ್ತಿದ್ದಾಳೆ.