ಚಿತ್ರ ಕಂಡ ಕೂಡಲೇ ರೊಕ್ಕ ಕಟ್ಟಬ್ಯಾಡ್ರಿ

ಇವತ್ತು ಕಬ್ಬಿನ ಸುದ್ದಿ ಅಲ್ಲ, ಮೆಮೊರಿ ಕಾರ್ಡಿನ ಸುದ್ದಿ.

ನನ್ನ ಹಳೇ ಫೋನಿನಾಗ 16 ಜಿಬಿ ಕಾರ್ಡ್ ಇತ್ತು. 2019ರ ಮಹಾಪೂರದಾಗ ಮುಧೋಳ ಕಡೆ ಬೀಗರ ಕಬ್ಬು ಘಟಪ್ರಭಾ ನೀರಾಗ ಮುಳುಗಿದ್ದ ಫೋಟೊ ಅದರಾಗ ಇದ್ದವು. ಅದಕ್ಕಿಂತ ಮುಖ್ಯ ಒಂದು ವಿಡಿಯೊ. ಅಪ್ಪ ತೀರಿಕೊಳ್ಳೋ ಮೊದಲಿನ ಬ್ಯಾಸಗಿಯೊಳಗ ಹೊಲದ ತುಂಬ ಅಡ್ಡಾಡಿ, ನೆಲದಾಗ ಹೂತ ಪೈಪ್‌ಲೈನಿನ ವಾಲ್ವ್ ಎಲ್ಲೆಲ್ಲಿ ಅದಾವು ಅಂತ ಬಡಿಗಿ ಊರಿ ತೋರಿಸಿದ್ದ. ಮೂರು ನಿಮಿಷ ನಲವತ್ತು ಸೆಕೆಂಡು.

ಹೊಸ ಫೋನಿಗೆ ಕಾರ್ಡ್ ಹಾಕಿದಾಗ ಅದು ಫಾರ್ಮ್ಯಾಟ್ ಕೇಳಿತು, ನಾನು ಹೂಂ ಅಂದು ಒತ್ತಿಬಿಟ್ಟೆ. ಅದು ಗೊತ್ತಾಗೋದರೊಳಗ ಗಾಣದ ಮನಿಯಾಗ ಮತ್ತ ಇಪ್ಪತ್ತು ಫೋಟೊ ಹೊಡೆದಿದ್ದೆ.

ಕಂಪ್ಯೂಟರಿನಾಗ ಫೈಲ್ ಮರಳಿ ತರೋ ಒಂದು ಸಾಫ್ಟ್‌ವೇರ್ ಹಾಕಿದ್ವಿ. ಅರ್ಧ ತಾಸಿನಾಗ 612 ಫೋಟೊ ತೋರಿಸಿತು. ಅಪ್ಪನ ವಿಡಿಯೊ ಸಹ ಹೆಸರು, ತಾರೀಖು, ಸೈಜಿನ ಸಮೇತ ಪಟ್ಟಿಯಾಗ ಇತ್ತು. ಉಳಿಸ್ಕೊಳ್ಳಾಕ ಹೋದರ ಸುಮಾರು ಐದು ಸಾವಿರ ಕಟ್ಟು ಅಂತು. ನಾನು ಫೋನ್ ತಗದು ಕಟ್ಟಾಕ ತಯಾರಾದೆ. ಡಿಪ್ಲೊಮಾ ಓದೋ ತಮ್ಮನ ಮಗ ಕೈ ಹಿಡಿದ. "ಕಾಕಾ, ತಡೀರಿ. ರೊಕ್ಕ ಕಟ್ಟಿದರ ಉಳಿಸೋ ಬಟನ್ ತೆರೀತೈತಿ ಅಷ್ಟ. ಕೆಟ್ಟ ಫೈಲ್ ಸುದ್ದ ಆಗೂದಿಲ್ಲ."

ಅವ ತಿಳಿಸಿದ್ದು ಹಿಂಗ. ಫಾರ್ಮ್ಯಾಟ್ ಮಾಡಿದರ ಒಳಗಿನ ಮಾಲು ಒಮ್ಮೆಲೇ ಅಳಿಯೂದಿಲ್ಲ, ಯಾವ ಫೈಲು ಎಲ್ಲೈತಿ ಅನ್ನೋ ಲೆಕ್ಕದ ಪುಸ್ತಕ ಹೋಗತೈತಿ. ಫೋಲ್ಡರಿನೊಳಗ ಬರೆದಿಟ್ಟ ಹೆಸರು, ಸೈಜು ಒಮ್ಮೊಮ್ಮೆ ಉಳಿದಿರತಾವು. ಹೆಸರು ಕಂಡಿತು ಅಂದ್ರ ಮಾಲು ಐತಿ ಅಂತಲ್ಲ. ಖಾತೆದಾಗ ಹೆಸರು ಇದ್ದರೂ ಹೊಲ ಬ್ಯಾರೆಯವರು ಉಳುತಿರಬಹುದಲ್ಲ, ಹಂಗ.

ಫೋಟೊದಾಗ ಇನ್ನೊಂದು ಮೋಸ ಐತಿ. ಫೋನ್ ತಗದ ಬಹಳಷ್ಟು ಫೋಟೊದ ಫೈಲಿನ ಆರಂಭದಾಗ ಸಣ್ಣ ನಕಲು ಚಿತ್ರ ಒಂದು ಕುಂತಿರತೈತಿ, ಸಾಮಾನ್ಯವಾಗಿ 160×120 ಪಿಕ್ಸೆಲ್. ಪಟ್ಟಿಯಾಗ ಕಾಣೋದು ಅದ ಇರಬಹುದು. ಅದರ ಹಿಂದಿನ ದೊಡ್ಡ ಚಿತ್ರದ ಜಾಗದಾಗ ಹೊಸ ಫೋಟೊ ಬಂದು ಕುಂತಿದ್ದರೂ ಸಣ್ಣದು ಚಂದನ ಕಾಣತೈತಿ.

ಅದಕ್ಕ ಒಂದೊಂದ ಚಿತ್ರ ಪೂರ್ತಿ ದೊಡ್ಡದು ಮಾಡಿ, ಕೆಳಗಿನ ಅಂಚಿನ ತನಕ ನೋಡಿದ್ವಿ. ಸರಿ ಇದ್ದದ್ದು 4000×3000 ಅಂತ ತೋರಿಸಿತು, ಎಳೆದರೂ ಕಬ್ಬಿನ ಗರಿ ಸ್ಪಷ್ಟ ಕಾಣತಿತ್ತು. ಕೆಟ್ಟದ್ದರಾಗ ಅರ್ಧಕ್ಕ ಬೂದಿ ಬಣ್ಣ, ಇಲ್ಲಾ ಬಣ್ಣದ ಪಟ್ಟಿ. ಬರೇ ಸಣ್ಣ ಚಿತ್ರ ಇದ್ದದ್ದು ದೊಡ್ಡದು ಮಾಡಿದ ಕೂಡಲೇ ಮಸುಕಾತು.

ಆಮೇಲೆ ಅವ PhotoRec ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಚ್ಚಿದ. ಮೊದಲು ಕಾರ್ಡನ್ನು ಅಡಾಪ್ಟರಿನಾಗ ಹಾಕಿ ಬದಿಯ ಲಾಕ್ ಗುಂಡಿ ಎಳೆದ, ಏನೂ ಬರೀಬಾರದು ಅಂತ. ತಗದ ಫೈಲು ಕಂಪ್ಯೂಟರಿಗೆ ಇಳಿಸಿದ, ಅದ ಕಾರ್ಡಿಗೆ ಅಲ್ಲ. ಹಳೇ ಹೆಸರು ಬರಲಿಲ್ಲ. f ಅಕ್ಷರದಿಂದ ಶುರು ಆಗೋವು ಫೈಲು, t ದಿಂದ ಶುರು ಆಗೋವು ಒಳಗಿನ ಸಣ್ಣ ಚಿತ್ರ. ಎಣಿಸಿದರ ಪೂರ್ತಿ ಸರಿ ಇದ್ದವು 431, ಅರ್ಧ ಕೆಟ್ಟವು 96, ಉಳಿದ 85 ಬರೇ ಸಣ್ಣ ಚಿತ್ರ. ರೊಕ್ಕ ಕಟ್ಟಿದ್ದರೂ ಆ 85 ದೊಡ್ಡವು ಆಗತಿದ್ದಿಲ್ಲ.

ವಿಡಿಯೊ ಮೊದಲಿಗೆ ಬರಲೇ ಇಲ್ಲ. ಸೆಟ್ಟಿಂಗಿನಾಗ Keep corrupted files ಅನ್ನೋದನ್ನ ಹೌದು ಮಾಡಿ ಮತ್ತೊಮ್ಮೆ ಓಡಿಸಿದಾಗ ಫೈಲ್ ಬಂತು, ಆದರ ತೆರೀಲಿಲ್ಲ. ಫೋನಿನ ವಿಡಿಯೊಕ್ಕ ಒಂದು ಸೂಚಿ ಇರತೈತಿ, ಅದನ್ನ ಬಹಳಷ್ಟು ಫೋನು ರೆಕಾರ್ಡಿಂಗ್ ಮುಗಿದ ಮ್ಯಾಲೆ ಫೈಲಿನ ಕೊನಿಗೆ ಬರೀತಾವು. ಕೊನಿ ಹೋದರ ಮುಂದಿನ ಭಾಗ ಗಟ್ಟಿ ಇದ್ದರೂ ಓಡೂದಿಲ್ಲ. ಅದ ಹಳೇ ಫೋನಿನಾಗ ತಗದ ಇನ್ನೊಂದು ಸರಿ ವಿಡಿಯೊ ನಮ್ಮ ಹತ್ತಿರ ಇತ್ತು. ಅದನ್ನ ಮಾದರಿ ಕೊಟ್ಟು, untrunc ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಿಂದ ಸೂಚಿ ಹೊಸದಾಗಿ ಕಟ್ಟಿಸಿದ. ಎರಡು ನಿಮಿಷ ಹತ್ತು ಸೆಕೆಂಡು ಓಡಿತು. ಮುಂದಿಂದು ಇಲ್ಲ.

ನೀವು ರೊಕ್ಕ ಕಟ್ಟೋ ಮೊದಲು ಇಷ್ಟು ನೋಡ್ರಿ: ನಿಮಗ ಅತೀ ಬೇಕಾದ ಫೈಲನ್ನ ಅಲ್ಲೇ ತೆರೀರಿ. ಫೋಟೊ ಇದ್ದರ ದೊಡ್ಡದು ಮಾಡಿ ಕೆಳಗಿನ ತನಕ, ವಿಡಿಯೊ ಇದ್ದರ ನಡುವಿನದೂ ಕೊನಿಯದೂ, ಕಾಗದಪತ್ರದ ಪಿಡಿಎಫ್ ಇದ್ದರ ಕೊನೀ ಪುಟ. ಕೆಲವು ಸಾಫ್ಟ್‌ವೇರ್ ಸ್ವಲ್ಪ ಫೈಲು ಪುಕ್ಕಟೆ ಉಳಿಸಾಕ ಬಿಡತಾವು. ಸಣ್ಣವು ಬಿಟ್ಟು ಆ ಬೇಕಾದ ಫೈಲನ್ನೇ ಉಳಿಸಿ, ಬ್ಯಾರೆ ಕಂಪ್ಯೂಟರಿನಾಗ ತೆರೀರಿ. ಪೂರ್ತಿ ಓಡಿತು, ಪುಕ್ಕಟೆದರಾಗ ಅದು ಸಿಗಲಿಲ್ಲ ಅಂದ್ರ ಕಟ್ಟ್ರಿ, ತಪ್ಪಲ್ಲ.

ಅಪ್ಪ ವಿಡಿಯೊದಾಗ ಎರಡು ವಾಲ್ವ್ ತೋರಿಸಿ ಬೇವಿನ ಗಿಡದ ಕಡೆ ಹೊಂಟಾನ, ಅಲ್ಲಿಗೆ ನಿಂತೈತಿ. ಮೂರನೇ ವಾಲ್ವ್ ಹುಡುಕಾಕ ನಾಳೆ ಸಲಿಕಿ ತಗೊಂಡು ಆ ಗಿಡದ ಬುಡದಿಂದ ಶುರು ಮಾಡತೀನಿ.